ಮಲೆಗೆ 28 ಮಂದಿ: ಬಸ್ಸಿನಲ್ಲಿ ಉಳಿಯುವುದು, ಮೈಮೇಲೆ ಹೊರುವುದು

ಪ್ರಶ್ನೆ: ಬದಿಯಡ್ಕ ಹತ್ತಿರದ ನಮ್ಮ ಭಜನಾ ಮಂದಿರದಿಂದ ಡಿಸೆಂಬರಿನಲ್ಲಿ 28 ಮಂದಿ ಒಂದೇ ಬಸ್ಸಿನಲ್ಲಿ ಶಬರಿಮಲೆಗೆ ಹೊರಡುತ್ತಿದ್ದೇವೆ. ಮೂವರು ಮಕ್ಕಳು, ಅರುವತ್ತು ದಾಟಿದವರು ಆರು ಮಂದಿ. ಕಳೆದ ಸಲ ಕರ್ಪೂರ ಎಲ್ಲರೂ ತಂದಿದ್ದರು, ಟಾರ್ಚ್ ಒಬ್ಬರಲ್ಲೂ ಇರಲಿಲ್ಲ. ಒಟ್ಟಿಗೆ ತರಬೇಕಾದ್ದು ಯಾವುದು, ಅವರವರೇ ತರಬೇಕಾದ್ದು ಯಾವುದು? ಪಟ್ಟಿ ಹೇಗೆ ಮಾಡುವುದು?

ಉತ್ತರ: ಪಟ್ಟಿ ಬರೆಯಲು ಕೂರುವ ಮೊದಲು ನಿಮ್ಮ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಿ. ಮಂಡಲ ಕಾಲದಲ್ಲಿ ಯಾತ್ರಿಕರ ಬಸ್ಸುಗಳು ನಿಲ್ಲುವುದು ನಿಲಯ್ಕಲ್‌ನಲ್ಲಿ. ಅಲ್ಲಿಂದ ಪಂಪೆಗೆ ಸುಮಾರು 20 ಕಿ.ಮೀ. ದಾರಿಯನ್ನು ಕೇರಳ ಸಾರಿಗೆಯ ಬಸ್ಸಿನಲ್ಲಿ ಹೋಗಬೇಕು. ಪಂಪೆಯಿಂದ ಸನ್ನಿಧಾನಕ್ಕೆ ಮತ್ತೆ ಸುಮಾರು 5 ಕಿ.ಮೀ. ಏರು ನಡಿಗೆ. ನಿಮ್ಮ ಬಸ್ಸಿನ ಡಿಕ್ಕಿಯಲ್ಲಿ ಬಿಟ್ಟದ್ದು ನಿಲಯ್ಕಲ್ ದಾಟಿದ ಮೇಲೆ ನಿಮಗೆ ಇಲ್ಲವೆಂದೇ ಲೆಕ್ಕ. ಟಾರ್ಚಿನ ತೊಂದರೆ ಯಾರೂ ತರದೆ ಹೋದದ್ದರಿಂದ ಮಾತ್ರ ಬರುವುದಲ್ಲ. ನಾಲ್ಕು ಟಾರ್ಚ್ ತಂದು ನಾಲ್ಕನ್ನೂ ಬಸ್ಸಿನಲ್ಲೇ ಬಿಟ್ಟುಹೋಗುವ ಗುಂಪುಗಳಿಗೂ ಬರುತ್ತದೆ.

ಎರಡನೆಯದು, ಮಲೆಯ ಮೇಲೆ 28 ಮಂದಿ ಒಟ್ಟಿಗೆ ಇರಲಾರರು. ಪಂಪೆಯ ಬಸ್ಸು ಹತ್ತುವಾಗಲೇ ಅರ್ಧ ಮಂದಿ ಹಿಂದೆ ಉಳಿಯುತ್ತಾರೆ. ನೀಲಿಮಲೆಯಲ್ಲಿ ಹಿರಿಯರ ನಡೆ ನಿಧಾನ, ಮೇಲಿನ ಸರದಿಯಲ್ಲಿ ಪೊಲೀಸರು ಸಾಲನ್ನು ಎಲ್ಲಿ ಬೇಕಾದರೂ ತಡೆಯಬಹುದು. ಜನ ಹೆಚ್ಚಿದ ದಿನ ಫೋನಿಗೆ ಸಿಗ್ನಲ್ ಸಿಗುವ ಭರವಸೆಯೂ ಇಲ್ಲ. ಆದ್ದರಿಂದ ‘ಎಲ್ಲರೂ ಬಳಸುವಂಥದ್ದು ಸಾಮೂಹಿಕ’ ಎಂದು ವಿಂಗಡಿಸಿದರೆ ತಪ್ಪಾಗುತ್ತದೆ. ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿ: ಈ ಸ್ವಾಮಿ ಗುಂಪಿನಿಂದ ಎಂಟು ಗಂಟೆ ಬೇರೆಯಾದರೆ ಇದಿಲ್ಲದೆ ಅವರಿಗೆ ಕಷ್ಟವಾಗುತ್ತದೆಯೇ? ಆಗುತ್ತದಾದರೆ ಅದು ಅವರವರದು, ಅವರ ಮೈಮೇಲೆಯೇ ಇರಬೇಕು. ಇಲ್ಲವಾದರೆ ಒಟ್ಟಿನದು.

ಈ ಎರಡರ ನಡುವೆ ಮೂರನೆಯದೊಂದು ಬೇಕು, ಅದೇ ತಂಡದ ಚೀಲ. ನಿಮ್ಮ 28 ಮಂದಿಯನ್ನು ಏಳೇಳರ ನಾಲ್ಕು ತಂಡ ಮಾಡಿ. ಪ್ರತಿ ತಂಡದಲ್ಲಿ ಮಲೆಯ ದಾರಿ ಗೊತ್ತಿರುವವರು ಕನಿಷ್ಠ ಇಬ್ಬರಿರಲಿ. ಮಕ್ಕಳು ತಂದೆ ಅಥವಾ ಅಜ್ಜನ ತಂಡದಲ್ಲೇ ಇರಲಿ. ಹಿರಿಯ ಆರು ಮಂದಿಯನ್ನು ಒಂದೇ ತಂಡಕ್ಕೆ ಹಾಕಬೇಡಿ. ಒಂದು ತಂಡಕ್ಕೆ ಒಬ್ಬರು ಅಥವಾ ಇಬ್ಬರಂತೆ ಹಂಚಿದರೆ ಅವರ ಹೊರೆ ಹಿಡಿಯಲು ಗಟ್ಟಿ ಕೈಗಳು ಪಕ್ಕದಲ್ಲೇ ಸಿಗುತ್ತವೆ. ಮಲೆ ಹತ್ತುವ ಸಾಮೂಹಿಕ ವಸ್ತುಗಳೆಲ್ಲ ಒಂದರ ಬದಲು ನಾಲ್ಕಾಗಬೇಕು. 28 ಮಂದಿಗೆ ಒಂದೇ ಔಷಧ ಪೆಟ್ಟಿಗೆ ಇದ್ದರೆ ಅದು ಇರುವುದು ಏಳು ಮಂದಿಗೆ ಮಾತ್ರ, ಉಳಿದ 21 ಮಂದಿಗೆ ಅದು ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ.

ಈಗ ಇರುಮುಡಿಗೆ ಬರುತ್ತೇವೆ. ಇಡೀ ಯಾತ್ರೆಯಲ್ಲಿ ಇದರಷ್ಟು ಸ್ವಂತದ್ದು ಬೇರೊಂದಿಲ್ಲ. ಇರುಮುಡಿ ತಲೆಯ ಮೇಲಿದ್ದರಷ್ಟೇ ಹದಿನೆಂಟು ಮೆಟ್ಟಿಲು ಹತ್ತಬಹುದು, ಅದನ್ನು ಇನ್ನೊಬ್ಬರ ಹೆಸರಿನಲ್ಲಿ ಹೊರುವಂತಿಲ್ಲ. ಆದರೆ ಅದರ ಒಳಗಿನ ಸಾಮಗ್ರಿ ಕಟ್ಟು ತುಂಬಿಸುವ ಗಳಿಗೆಯವರೆಗೆ ಸಾಮೂಹಿಕ ಖರೀದಿಯಾಗಿಯೇ ಇರಲಿ. ಅವರವರೇ ತರಲಿ ಎಂದು ಬಿಟ್ಟರೆ ಒಬ್ಬರ ತೆಂಗಿನಕಾಯಿ ಚಿಕ್ಕದು, ಇನ್ನೊಬ್ಬರದ್ದು ಬಿರುಕು ಬಿಟ್ಟದ್ದು, ಮತ್ತೊಬ್ಬರು ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಪೊಟ್ಟಣಗಳನ್ನು ಹಾಗೆಯೇ ತಂದಿರುತ್ತಾರೆ. ಇರುಮುಡಿಯೊಳಗೆ ಪ್ಲಾಸ್ಟಿಕ್ ಇರಬಾರದೆಂಬ ಕೇರಳ ಹೈಕೋರ್ಟಿನ ಆದೇಶವಿದೆ. ಕರ್ಪೂರ, ಊದುಬತ್ತಿ, ಪನ್ನೀರು ಇವುಗಳನ್ನೂ ಕಟ್ಟಿನಲ್ಲಿ ತರಬೇಡಿ ಎಂದು ದೇವಸ್ವಂ ಮಂಡಳಿ ಕೇಳಿಕೊಂಡಿದೆ, ಏಕೆಂದರೆ ಅವು ಸನ್ನಿಧಾನದಲ್ಲಿ ಬಳಕೆಯಾಗದೆ ಕಸವಾಗುತ್ತವೆ. ಕಳೆದ ಸಲ ನಿಮ್ಮಲ್ಲಿ ಎಲ್ಲರೂ ತಂದ ಕರ್ಪೂರ ಇದೇ ಲೆಕ್ಕಕ್ಕೆ ಸೇರುತ್ತದೆ. ಮಂದಿರದಲ್ಲಿ ಕಟ್ಟು ತುಂಬಿಸುವ ದಿನದ ಪೂಜೆಗೆ ಒಂದು ಪೊಟ್ಟಣ ಸಾಕು, ಅದು ಮಂದಿರದಲ್ಲೇ ಉಳಿಯಲಿ.

ಕಟ್ಟಿನ ತೆಂಗಿನಕಾಯಿಯೊಳಗೆ ತುಂಬುವ ತುಪ್ಪದ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ. ತೆಗೆದಿಟ್ಟ ಕಾಯಿಗಳಲ್ಲಿ ಮೂರಕ್ಕೆ ಕಣ್ಣು ಕೊರೆದು, ಒಳಗಿನ ನೀರನ್ನು ಅಳತೆ ಲೋಟಕ್ಕೆ ಬಗ್ಗಿಸಿ ಸರಾಸರಿ ನೋಡಿ. ನೀರು ಎಷ್ಟು ಬಂತೋ ತುಪ್ಪ ಅದಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ, ಏಕೆಂದರೆ ಬಲಿತ ಕಾಯಿಯೊಳಗೆ ನೀರಿನ ಮೇಲೆ ಖಾಲಿ ಜಾಗವಿರುತ್ತದೆ. ಮಧ್ಯಮ ಗಾತ್ರದ ಕಾಯಿಗೆ 200 ಮಿ.ಲೀ. ಎಂದು ಹಿಡಿದರೆ 28 ಕಾಯಿಗೆ 5.6 ಲೀಟರ್. ಚೆಲ್ಲುವುದಕ್ಕೆ, ಮತ್ತೆ ತುಂಬುವುದಕ್ಕೆ ಸೇರಿಸಿ 6 ಲೀಟರ್ ತನ್ನಿ. ತೂಕದಲ್ಲಿ ಕೊಳ್ಳುವುದಾದರೆ 1 ಲೀಟರ್ ತುಪ್ಪ ಸುಮಾರು 900 ಗ್ರಾಂ ತೂಗುತ್ತದೆ, ಹಾಗಾಗಿ ಐದೂವರೆ ಕಿಲೋ ಸಾಕಾಗುತ್ತದೆ. ಕಾಯಿಗಳನ್ನು 32 ತೆಗೆದಿಡಿ. ಕಣ್ಣು ಕೊರೆಯುವಾಗ ಒಂದೆರಡು ಸೀಳುವುದು ಇದ್ದದ್ದೇ.

ಕೆಡುವುದು ಹೆಚ್ಚಾಗಿ ಈ ಹಂತದಲ್ಲಿಯೇ. ನೀರು ಬಗ್ಗಿಸಿದ ಕೂಡಲೇ ತುಪ್ಪ ಹೊಯ್ದರೆ ಒಳಗಿನ ಪಸೆ ಉಳಿದು ತುಪ್ಪಕ್ಕೆ ಕಮಟು ವಾಸನೆ ಬರುತ್ತದೆ. ಕಾಯಿಯನ್ನು ಕಣ್ಣು ಕೆಳಗಾಗಿ ಒಂದು ರಾತ್ರಿ ಬೋರಲು ಹಾಕಿಡಿ. ಕುದಿಯುವಷ್ಟು ಬಿಸಿ ತುಪ್ಪ ಹೊಯ್ದು ಬಿರಡೆ ಹಾಕುವುದೂ ತಪ್ಪು. ತಣಿದಾಗ ತುಪ್ಪ ಕುಗ್ಗುತ್ತದೆ, ಮೇಲೆ ಖಾಲಿ ಜಾಗ ಬರುತ್ತದೆ. ಬಿಸಿಗೆ ಹಿಗ್ಗಿದ್ದ ಬಿರಡೆ ಸಡಿಲಾಗಿ, ಮರುದಿನ ಬಸ್ಸಿನ ಬಿಸಿಗೆ ತುಪ್ಪ ಮತ್ತೆ ಕರಗಿ ಸೋರಿ ಕಟ್ಟಿನ ಅಕ್ಕಿಯೆಲ್ಲ ಜಿಡ್ಡಾಗುತ್ತದೆ. ಬೆರಳು ತಾಳುವ ಉಗುರುಬೆಚ್ಚಗೆ ಮಾಡಿ, ತುಂಬಿ, ಹತ್ತು ನಿಮಿಷ ಬಿಟ್ಟು ಮತ್ತೆ ತುಂಬಿ, ಬಿರಡೆ ಹಾಕಿ ಮೇಲೆ ಮೇಣವನ್ನೋ ಗಟ್ಟಿ ಹಿಟ್ಟನ್ನೋ ಮೆತ್ತಿ. ಸರಿಯಾಗಿದೆಯೇ ಎಂದು ತಿಳಿಯಲು ಕಾಯಿಯನ್ನು ಒಂದು ಹಳೆಯ ಕಾಗದದ ಮೇಲೆ ಕಣ್ಣು ಕೆಳಗೆ ಮಾಡಿ ಕಾಲು ಗಂಟೆ ನಿಲ್ಲಿಸಿ. ಕಾಗದದಲ್ಲಿ ಜಿಡ್ಡಿನ ಕಲೆ ಕಂಡರೆ ಬಿರಡೆ ಬದಲಿಸಿ.

ಉಳಿದದ್ದು ಸುಲಭ. ತಲಾ 250 ಗ್ರಾಂ ಅಕ್ಕಿ ಎಂದರೆ 7 ಕಿಲೋ. ವೀಳ್ಯದೆಲೆ, ಅಡಿಕೆ ನಿಮ್ಮ ಊರಿನ ತೋಟದಲ್ಲೇ ಇದೆ. ಬೆಲ್ಲ, ಬಾಳೆಹಣ್ಣು, ಮಾಳಿಗಪ್ಪುರತ್ತಮ್ಮನಿಗೆ ಅರಸಿನ ಪುಡಿ, ಕಾಣಿಕೆಯ ನಾಣ್ಯ. ಒಡೆಯುವ ಕಾಯಿ ತಲಾ ಎಷ್ಟು ಎಂಬುದು ನಿಮ್ಮ ಗುರುಸ್ವಾಮಿಯ ಪದ್ಧತಿಯಂತೆ. ಇವನ್ನು ತುಂಬಲು ಹಳೆಯ ಬಿಳಿ ಪಂಚೆ ಹರಿದು ಅಂಗೈಯಗಲದ ಬಟ್ಟೆ ಚೀಲ ಹೊಲಿಸಿ, ತಲಾ ಐದರಂತೆ 140. ಮಂದಿರದ ನಾಲ್ಕು ಮಂದಿ ಅಮ್ಮಂದಿರು ಒಂದು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸ. ಕಟ್ಟಿದ ಇರುಮುಡಿಯನ್ನು ತಕ್ಕಡಿಗೆ ಇಟ್ಟು ನೋಡಿ. ದೊಡ್ಡವರದ್ದು 3 ಕಿಲೋ ಮೀರದಿರಲಿ, ಮಕ್ಕಳದ್ದು ಒಂದೂವರೆ ಕಿಲೋ ಸಾಕು. ಮಕ್ಕಳ ಕಟ್ಟಿಗೆ ಅಕ್ಕಿ ಒಂದು ಹಿಡಿ ಹಾಕಿದರೂ ವ್ರತಕ್ಕೆ ಕೊರತೆಯಿಲ್ಲ.

ಈ ಕಟ್ಟಿನ ತುಪ್ಪ ಮೇಲೆ ಹೋದ ಮೇಲೆ ಮತ್ತೆ ಸಾಮೂಹಿಕವಾಗುತ್ತದೆ. ಸನ್ನಿಧಾನದಲ್ಲಿ ಕಾಯಿ ಒಡೆದು, ತುಪ್ಪವನ್ನು ಪಾತ್ರೆಗೆ ಸುರಿದು ಅಭಿಷೇಕಕ್ಕೆ ಕೊಡುವುದು, ಅಭಿಷೇಕದ ತುಪ್ಪವನ್ನು ತಿರುಗಿ ಹಂಚಿಕೊಳ್ಳುವುದು, ಕಾಯಿಯ ಒಂದು ಹೋಳನ್ನು ಆಳಿ ಎಂಬ ಅಗ್ನಿಕುಂಡಕ್ಕೆ ಹಾಕುವುದು ಕ್ರಮ. ಇದಕ್ಕೆ ಪಾತ್ರೆ ಬೇಕು, ಮತ್ತು ಇದನ್ನೇ ಹೆಚ್ಚಿನವರು ಮರೆಯುತ್ತಾರೆ. ಏಳು ಮಂದಿಯ ತುಪ್ಪ 1.4 ಲೀಟರ್ ಆಗುತ್ತದೆ. ಹಾಗಾಗಿ ತಂಡಕ್ಕೊಂದು 2 ಲೀಟರಿನ ಬಿಗಿ ಮುಚ್ಚಳದ ಸ್ಟೀಲ್ ಪಾತ್ರೆ ಬೇಕು. ಬೆಳಗ್ಗಿನ ಚಳಿಗೆ ತುಪ್ಪ ಕಾಯಿಯೊಳಗೆ ಗಟ್ಟಿಯಾಗಿರುತ್ತದೆ, ಬಳಿದು ತೆಗೆಯಲು ಒಂದು ಸ್ಟೀಲ್ ಚಮಚ ಜೊತೆಗಿರಲಿ. ನಾಲ್ಕು ತಂಡಕ್ಕೆ ನಾಲ್ಕು ಪಾತ್ರೆ ಇದ್ದಾಗ, ಹಿಂದೆ ಬಿದ್ದ ತಂಡಕ್ಕಾಗಿ ಮುಂದಿನವರು ಕಾಯಬೇಕಾಗಿಲ್ಲ.

ಕಾಯುವುದು ಇಲ್ಲಿ ಸಣ್ಣ ವಿಷಯವಲ್ಲ. ತುಪ್ಪಾಭಿಷೇಕ ನಸುಕಿನಲ್ಲಿ ಆರಂಭವಾಗಿ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ನೀವು ಬದಿಯಡ್ಕದಿಂದ ಸಂಜೆ ಹೊರಟರೆ ಇಡೀ ರಾತ್ರಿ ಪ್ರಯಾಣ, ಬೆಳಗ್ಗೆ ನಿಲಯ್ಕಲ್, ಅಲ್ಲಿಂದ ಪಂಪೆ, ಸ್ನಾನ, ಏರು, ಸರದಿ. ಅಷ್ಟರಲ್ಲಿ ಆ ದಿನದ ಅಭಿಷೇಕ ತಪ್ಪುವುದೇ ಹೆಚ್ಚು. ಹಾಗಾಗಿ ಒಂದು ರಾತ್ರಿ ಮೇಲೆ ತಂಗುವುದೆಂದೇ ಹಿಡಿದು ಚೀಲ ತುಂಬಿಸಿ. ಹೀಗೆ ಮಾಡಿದಾಗ ಹೊದಿಕೆ ಬಸ್ಸಿನ ಪಟ್ಟಿಯಿಂದ ಮೈಮೇಲಿನ ಪಟ್ಟಿಗೆ ಬರುತ್ತದೆ. ಕಾಸರಗೋಡಿನ ಸೆಖೆಯಲ್ಲಿ ಹೊರಡುವಾಗ ಡಿಸೆಂಬರಿನ ಮಲೆಯ ಚಳಿ ನೆನಪಾಗುವುದಿಲ್ಲ. ಒಂದು ತೆಳು ಹತ್ತಿ ಹೊದಿಕೆ, ಒಣ ಪಂಚೆ ಒಂದು, ತೋರ್ತು ಒಂದು, ಅರ್ಧ ಅಥವಾ ಮುಕ್ಕಾಲು ಲೀಟರಿನ ಸ್ಟೀಲ್ ಬಾಟ್ಲಿ. ಹೆಗಲ ಜೋಳಿಗೆಗೆ ಇಷ್ಟೇ. ತಿಂಡಿಯ ದೊಡ್ಡ ಪೊಟ್ಟಣ ಮೇಲೆ ಹೊರುವುದು ಬೇಡ. ದಾರಿಯಲ್ಲಿ ಶುಂಠಿ ಹಾಕಿ ಕುದಿಸಿದ ನೀರು ಕೊಡುತ್ತಾರೆ, ಸನ್ನಿಧಾನದಲ್ಲಿ ದೇವಸ್ವಂನ ಅನ್ನದಾನವಿದೆ.

ಇನ್ನು ಸೊಂಟದ ಚೀಲ. ಕಪ್ಪು ಪಂಚೆಗೆ ಜೇಬಿಲ್ಲ, ಅಂಗಿ ಹಾಕದವರೂ ಇರುತ್ತಾರೆ. ಪರಿಣಾಮವಾಗಿ ಅಜ್ಜನ ಮಾತ್ರೆ ಮೊಮ್ಮಗನ ಚೀಲದಲ್ಲಿ, ನಾಲ್ಕು ಮಂದಿಯ ಗುರುತಿನ ಚೀಟಿ ಒಬ್ಬರ ಪರ್ಸಿನಲ್ಲಿ ಸೇರಿಕೊಳ್ಳುತ್ತವೆ. ಯಾರೂ ನಿರ್ಧರಿಸದೆಯೇ ಸ್ವಂತದ್ದು ಸಾಮೂಹಿಕವಾಗುವುದು ಹೀಗೆ, ಅಪಾಯವಾಗುವುದೂ ಇಲ್ಲೇ. 28 ಮಂದಿಗೂ ಒಂದೇ ಬಗೆಯ ಬಟ್ಟೆಯ ಸೊಂಟದ ಚೀಲ ಹೊಲಿಸಿ, ಒಳಗೆ ಹೆಸರು ಬರೆಯಿರಿ. ಅದರಲ್ಲಿ ಮೂಲ ಗುರುತಿನ ಚೀಟಿ, sabarimalaonline.org ನಲ್ಲಿ ಮಾಡಿದ ಸರದಿ ಬುಕ್ಕಿಂಗಿನ ಅವರವರ ಮುದ್ರಿತ ಪ್ರತಿ, ಸಣ್ಣ ನೋಟುಗಳಲ್ಲಿ ಒಂದಷ್ಟು ಹಣ, ಒಂದು ದಿನದ ಔಷಧ, ಮತ್ತು ಒಂದು ದಪ್ಪ ಕಾಗದದ ಚೀಟಿ. ಚೀಟಿಯಲ್ಲಿ ತಂಡದ ಸಂಖ್ಯೆ, ತಂಡದಲ್ಲಿ ದಾರಿ ಗೊತ್ತಿರುವ ಇಬ್ಬರ ಫೋನ್, ಬಸ್ಸಿನ ನಂಬರ್, ಡ್ರೈವರ್ ಫೋನ್, ಊರಿನ ಒಂದು ಫೋನ್ ಇರಲಿ. ಬಸ್ಸಿನ ನಂಬರ್ ಏಕೆ ಎಂದರೆ ನಿಲಯ್ಕಲ್‌ನಲ್ಲಿ ಒಂದೇ ಥರದ ಬಸ್ಸುಗಳು ಸಾಲುಸಾಲಾಗಿ ನಿಂತಿರುತ್ತವೆ, ರಾತ್ರಿ ಇಳಿದು ಬಂದವರಿಗೆ ತಮ್ಮದು ಯಾವುದೆಂದು ತಿಳಿಯುವುದಿಲ್ಲ. ಬರೆಯುವುದು ಬಾಲ್ ಪೆನ್ನಿನಲ್ಲಾಗಲಿ, ಜೆಲ್ ಪೆನ್ನಿನ ಶಾಯಿ ಬೆವರಿಗೆ ಹರಡುತ್ತದೆ. ಓದಲು ಬಾರದ ಚಿಕ್ಕ ಮಕ್ಕಳ ಚೀಟಿಯಲ್ಲಿ ಕನ್ನಡದ ಜೊತೆ ಮಲಯಾಳದಲ್ಲೂ ಬರೆಯಿರಿ; ದಾರಿಯಲ್ಲಿ ಅದನ್ನು ಓದುವವರು ಮಲಯಾಳಿ ಪೊಲೀಸರು, ಸ್ವಯಂಸೇವಕರು. ಪಂಪೆಯಲ್ಲಿ ಪೊಲೀಸರು ಮಕ್ಕಳ ಕೈಗೆ ಕಟ್ಟುವ ಪಟ್ಟಿಯನ್ನೂ ತಪ್ಪದೆ ಕಟ್ಟಿಸಿಕೊಳ್ಳಿ.

ಈ ಚೀಲ ಕಳೆದುಹೋಗುವ ಜಾಗ ಒಂದೇ, ಪಂಪೆಯ ಸ್ನಾನಘಟ್ಟ. ಏಳು ಮಂದಿಯೂ ಒಟ್ಟಿಗೆ ನೀರಿಗಿಳಿದರೆ ದಡದಲ್ಲಿ ಏಳು ಚೀಲ, ಏಳು ಇರುಮುಡಿ ಕಾಯುವವರಿಲ್ಲದೆ ಉಳಿಯುತ್ತವೆ. ನಾಲ್ವರು ಇಳಿಯಲಿ, ಮೂವರು ದಡದಲ್ಲಿ ನಿಲ್ಲಲಿ, ಆಮೇಲೆ ಅದಲುಬದಲು. ಒದ್ದೆ ಬಟ್ಟೆಯನ್ನು ಹೊಳೆಗೆ ಬಿಡಬೇಡಿ. ಅದು ನಿಷಿದ್ಧ, ಪಂಪೆಗೆ ಹಾನಿ, ಮತ್ತು ಶಾಸ್ತಾವಿನ ವ್ರತದಲ್ಲಿ ಅಂಥ ಕ್ರಮವೂ ಇಲ್ಲ. ಒದ್ದೆ ಬಟ್ಟೆ ಹಾಕಲು ಜೋಳಿಗೆಯಲ್ಲಿ ಒಂದು ಗಟ್ಟಿ ಬಟ್ಟೆಯ ಚೀಲ ಇಟ್ಟುಕೊಳ್ಳಿ.

ಔಷಧದಲ್ಲಿ ಗೆರೆ ಸ್ಪಷ್ಟವಾಗಿರಬೇಕು. ವೈದ್ಯರು ಒಬ್ಬರಿಗೆಂದು ಬರೆದುಕೊಟ್ಟದ್ದು ಎಂದಿಗೂ ಸಾಮೂಹಿಕವಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ಉಬ್ಬಸ ಇರುವವರು ಔಷಧವನ್ನು ಎರಡು ಪಾಲು ಮಾಡಲಿ. ಒಂದು ದಿನದ್ದು ಸೊಂಟದಲ್ಲಿ, ಉಳಿದದ್ದು ಬಸ್ಸಿನೊಳಗೆ ಸೀಟಿನ ಬಳಿ. ಮೇಲೆ ತಂಗುವುದರಿಂದ ಒಂದು ಹೊತ್ತಿನ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಉಬ್ಬಸದ ಪಂಪು ಇರುಮುಡಿಯೊಳಗೆ ಹೋಗಬಾರದು. ಬೇಕಾದ ಗಳಿಗೆಯಲ್ಲಿ ಕಟ್ಟು ಬಿಚ್ಚಲಾಗದು. ಸಕ್ಕರೆ ಕಾಯಿಲೆಯವರ ಬಳಿ ನಾಲ್ಕು ತುಂಡು ಬೆಲ್ಲ ಅಥವಾ ಗ್ಲೂಕೋಸ್ ಇರಲೇಬೇಕು. ಹಸಿದು ಏರುವಾಗ ಸಕ್ಕರೆ ಇಳಿದು ಕೈ ನಡುಗಿ, ತಣ್ಣನೆ ಬೆವರು ಬರಬಹುದು, ಮಾತು ತೊದಲಬಹುದು; ಅದನ್ನು ಸುಸ್ತು ಎಂದುಕೊಂಡು ನಡೆಸಿಕೊಂಡು ಹೋಗಬೇಡಿ, ತಕ್ಷಣ ಸಿಹಿ ಕೊಟ್ಟು ಕೂರಿಸಿ. ಇನ್ಸುಲಿನ್ ಡಿಕ್ಕಿಯ ಬಿಸಿಯಲ್ಲಿ ಕೆಡುತ್ತದೆ, ಅದು ಸೀಟಿನ ಬಳಿಯೇ ಇರಲಿ. ತಂಡದ ಪೊಟ್ಟಣದಲ್ಲಿ ಓ.ಆರ್.ಎಸ್. ನಾಲ್ಕು, ಹತ್ತಿ, ಬ್ಯಾಂಡೇಜ್ ಬಟ್ಟೆ, ಅಂಟುಪಟ್ಟಿ, ಗಾಯದ ಮುಲಾಮು, ಪಾದ ತಿರುಚಿದರೆ ಸುತ್ತುವ ಹಿಗ್ಗುಪಟ್ಟಿ, ಪ್ಯಾರಸಿಟಮಾಲ್ ಇಷ್ಟಿದ್ದರೆ ಸಾಕು. ಬರಿಗಾಲಿನಲ್ಲಿ ನಡೆಯುವ ಗುಂಪಿಗೆ ಅಂಟುಪಟ್ಟಿಯೇ ಮೊದಲು ಮುಗಿಯುವುದು, ಹೆಚ್ಚಿಗೆ ಇಡಿ. ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ ಪೊಟ್ಟಣ ಬಿಚ್ಚಿ ಹೊತ್ತು ಕಳೆಯಬೇಡಿ. ನೀಲಿಮಲೆ, ಅಪ್ಪಾಚಿಮೇಡು ದಾರಿಯಲ್ಲಿ ಯಾತ್ರಾ ಕಾಲದಲ್ಲಿ ತುರ್ತು ಚಿಕಿತ್ಸಾ ಕೇಂದ್ರಗಳಿರುತ್ತವೆ. ಸುಸ್ತಾದವರನ್ನು ಇದ್ದಲ್ಲಿಯೇ ಕೂರಿಸಿ, ಒಬ್ಬರು ಅವರ ಜೊತೆ ಉಳಿದು ಇನ್ನೊಬ್ಬರು ಕೇಂದ್ರಕ್ಕೆ ಓಡಲಿ.

ತಂಡದ ಚೀಲದಲ್ಲಿ ಇದರ ಜೊತೆಗೆ ಟಾರ್ಚ್ ಎರಡು, ಪವರ್ ಬ್ಯಾಂಕ್ ಒಂದು, ಮೇಲೆ ಹೇಳಿದ ಪಾತ್ರೆ, ಚಮಚ, ಐದು ಮೀಟರ್ ಹಗ್ಗ, ಕೂರಲು ಒಂದು ಚಾಪೆ. ಕೊನೆಯ ಬಸ್ಸಿನಲ್ಲಿ ಪಂಪೆ ತಲುಪಿದವರಿಗೂ ಇಷ್ಟಿದ್ದರೆ ಸಾಕು. ಏಳು ಮಂದಿಯಲ್ಲಿ ಯಾರು ಏನು ಹೊರುತ್ತಾರೆಂದು ಹೆಸರು ಬರೆದಿಡಿ. ‘ತಂಡದವರು ತರುತ್ತಾರೆ’ ಎಂದು ಬರೆದದ್ದನ್ನು ಯಾರೂ ತರುವುದಿಲ್ಲ.

ಬಸ್ಸಿನಲ್ಲಿ ಉಳಿಯುವ ಸಾಮೂಹಿಕ ವಸ್ತುಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೋಗುವಾಗ ಒಂದು ಊಟ, ಬರುವಾಗ ಒಂದು ತಿಂಡಿ ಸಾಕು. ರಾತ್ರಿಯ ಊಟ ಮಂದಿರದಲ್ಲೇ ಮುಗಿಸಿ ಹೊರಡುವುದು ಉತ್ತಮ. ಮೊಸರನ್ನ, ಕಾಯಿ ಹಾಕಿದ ಪಲ್ಯ ಡಿಕ್ಕಿಯಲ್ಲಿ ಹಳಸುತ್ತವೆ. ಹಿಂದಿರುಗುವಾಗ ಅವಲಕ್ಕಿ ಒಳ್ಳೆಯದು, ತಲಾ 100 ಗ್ರಾಂನಂತೆ 3 ಕಿಲೋ, ಬೆಲ್ಲ ಒಂದು ಕಿಲೋ, ಆರು ಕಾಯಿ, ಒಂದು ಕೈ ತುರಿಮಣೆ, ಕಲಸಲು ದೊಡ್ಡ ಪಾತ್ರೆ, ಬಾಳೆಲೆ 30. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಎರಡು ಇದ್ದರೆ ಬಾಟ್ಲಿಗಳಿಗೆ ತುಂಬಿಕೊಳ್ಳಬಹುದು, ದಾರಿಯುದ್ದಕ್ಕೂ ಪ್ಲಾಸ್ಟಿಕ್ ಬಾಟ್ಲಿ ಕೊಳ್ಳಬೇಕಿಲ್ಲ. ಮನೆಯ ಗ್ಯಾಸ್ ಸಿಲಿಂಡರ್ ಜನರಿರುವ ಬಸ್ಸಿಗೆ ಹತ್ತಿಸಲೇಬಾರದು. ಬಸ್ಸಿನೊಳಗೆ ಭಜನೆ ಮಾಡುವಾಗ ದೀಪ, ಕರ್ಪೂರ ಹಚ್ಚುವುದೂ ಬೇಡ. ಪರದೆ, ಸೀಟಿನ ಸ್ಪಂಜು ಎರಡೂ ಬೇಗ ಹತ್ತಿಕೊಳ್ಳುತ್ತವೆ.

ಸೀಟಿನ ಮೇಲಿನ ಸಾಮಾನು ಕಟ್ಟೆಯನ್ನು 28 ಇರುಮುಡಿಗೆ ಮೀಸಲಿಡಿ, ಕೆಳಗೆ ಶುದ್ಧವಾದ ಬಟ್ಟೆ ಹಾಸಿ, ತುಪ್ಪದ ಕಾಯಿಯ ಕಣ್ಣು ಮೇಲೆ ಇರುವಂತೆ ಕಟ್ಟುಗಳನ್ನು ಒತ್ತಾಗಿ ಜೋಡಿಸಿ. ಇದರಿಂದಾಗಿ ಸ್ವಂತ ಬ್ಯಾಗುಗಳಿಗೆ ಡಿಕ್ಕಿಯೇ ಗತಿ. ಆದ್ದರಿಂದ ತಲೆಗೊಂದೇ ಬ್ಯಾಗು, 5 ಕಿಲೋ ಒಳಗೆ ಎಂದು ಮೊದಲೇ ಹೇಳಿಬಿಡಿ. ಅದರಲ್ಲಿರುವುದು ಇಳಿದು ಬಂದ ಮೇಲೆ ಬೇಕಾದ ಬಟ್ಟೆ, ಸೋಪು, ಚಪ್ಪಲಿ ಮಾತ್ರ. ಡಿಕ್ಕಿಗೆ ತುಂಬುವಾಗ ಅವಲಕ್ಕಿ, ಪಾತ್ರೆಯ ಪೆಟ್ಟಿಗೆ ಮೊದಲು ಒಳಗೆ, ಬ್ಯಾಗುಗಳು ಆಮೇಲೆ, ನಾಲ್ಕು ತಂಡದ ಚೀಲಗಳು ಡಿಕ್ಕಿಗೆ ಹೋಗದೆ ಡ್ರೈವರ್ ಹಿಂದಿನ ಸೀಟಿನ ಕೆಳಗೆ. ನಿಲಯ್ಕಲ್‌ನಲ್ಲಿ ಕತ್ತಲೆಯಲ್ಲಿ, ಅರೆನಿದ್ದೆಯಲ್ಲಿ ಇಳಿಯುವವರ ಕೈಗೆ ಅವು ಮೊದಲು ಸಿಗಬೇಕು.

ಹೊರಡುವ ಮುಂಚಿನ ತಪಾಸಣೆ ಎರಡು ಸಲ. ಕಟ್ಟು ತುಂಬಿಸುವ ಹಿಂದಿನ ದಿನ ಸಾಮೂಹಿಕ ಸಾಮಗ್ರಿಯನ್ನೆಲ್ಲ ಮಂದಿರದ ಜಗಲಿಯಲ್ಲಿ ಹರಡಿ, ಪಟ್ಟಿ ಓದುವವರು ಒಬ್ಬರು, ಎತ್ತಿ ತೋರಿಸುವವರು ಇನ್ನೊಬ್ಬರು. ಎರಡನೆಯದು ನಿಲಯ್ಕಲ್‌ನಲ್ಲಿ, ಬಸ್ಸಿನ ಬಾಗಿಲು ಹಾಕುವ ಮೊದಲು. ಆಗ ಪಟ್ಟಿ ಬೇಕಾಗಿಲ್ಲ. ಪ್ರತಿಯೊಬ್ಬರೂ ತಲೆ, ಹೆಗಲು, ಸೊಂಟ ಮೂರನ್ನೂ ಮುಟ್ಟಿ ನೋಡಲಿ: ಇರುಮುಡಿ, ಜೋಳಿಗೆ, ಚೀಲ. ತಂಡದಲ್ಲಿ ದಾರಿ ಗೊತ್ತಿರುವವರು ತಂಡದ ಚೀಲವನ್ನು ಎತ್ತಿ ತೋರಿಸಲಿ. ಬಸ್ಸಿನ ಕೀಲಿ ಡ್ರೈವರಲ್ಲಿ ಉಳಿಯುತ್ತದೆ. ಅವರಿಗೆ ಎರಡು ದಿನದ ಊಟದ ಹಣ ಮತ್ತು ನಿದ್ದೆಗೆ ಒಂದು ಚಾಪೆ, ಹೊದಿಕೆ ಕೊಟ್ಟು ಹೋಗುವುದು ಸಾಮೂಹಿಕ ಪಟ್ಟಿಯಲ್ಲೇ ಸೇರಿರಲಿ, ಏಕೆಂದರೆ ಇಳಿದು ಬಂದವರನ್ನು ಮತ್ತೊಂದು ರಾತ್ರಿ ಕಾಸರಗೋಡಿನವರೆಗೆ ಕರೆತರಬೇಕಾದವರು ಅವರೇ.